ನಿಯಮ ರಚಿಸುವ ಅಧಿಕಾರದ ಕಲಂ: ಮೂರೂ ವಿಧಾನ ಬರೆದೆ, 10ಕ್ಕೆ 4 ಬಂತು. ಎಲ್ಲಿ ಎಡವಿದೆ?

ಆರನೇ ಬೆಂಚು

ಇಂಟರ್ನಲ್ಸ್‌ನಲ್ಲಿ ಬಂದ ಪ್ರಾಬ್ಲಂ ಪ್ರಶ್ನೆ. ಕಾಯ್ದೆ ಪ್ರಶ್ನೆಗಾಗಿ ಕಟ್ಟಿದ್ದು, ನಿಜವಾಗಿ ಇಲ್ಲ, ಹುಡುಕೋಕೆ ಹೋಗಬೇಡಿ. ಪ್ರಶ್ನೆಪತ್ರಿಕೆ ನೋಡ್ಕೊಂಡೇ ಟೈಪ್ ಮಾಡ್ತಿದೀನಿ.

ಲಿಫ್ಟ್ ದುರಸ್ತಿಗಾರರ ಪರವಾನಗಿ ಕಾಯ್ದೆ. ಪೀಠಿಕೆಯಲ್ಲಿ "ಲಿಫ್ಟ್ ಬಳಸುವ ಜನರ ಸುರಕ್ಷತೆಗಾಗಿ, ಲಿಫ್ಟ್ ದುರಸ್ತಿಗಾರರಿಗೆ ಪರವಾನಗಿ ನೀಡುವುದನ್ನು ಕ್ರಮಬದ್ಧಗೊಳಿಸುವ ಕಾಯ್ದೆ" ಅಂತಿದೆ.

ಕಲಂ 6: "21 ವರ್ಷ ತುಂಬಿರುವ ಮತ್ತು ನಿಯಮಿಸಲಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವ ಯಾವುದೇ ವ್ಯಕ್ತಿಗೆ ಪ್ರಾಧಿಕಾರವು ಪರವಾನಗಿಯನ್ನು ನೀಡತಕ್ಕದ್ದು."

ಕಲಂ 30(1): "ಈ ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ನಿಯಮಗಳನ್ನು ರಚಿಸಬಹುದು."

ಕಲಂ 30(2): "ವಿಶೇಷವಾಗಿ, ಮತ್ತು ಮೇಲ್ಕಂಡ ಅಧಿಕಾರದ ವ್ಯಾಪಕತೆಗೆ ಬಾಧಕವಾಗದಂತೆ, ಅಂಥ ನಿಯಮಗಳು ಈ ವಿಷಯಗಳಿಗೆ ಸಂಬಂಧಿಸಿರಬಹುದು: (ಎ) ಅರ್ಜಿಯ ನಮೂನೆ ಮತ್ತು ಶುಲ್ಕ, (ಬಿ) ಪರೀಕ್ಷೆಯ ಪಠ್ಯ ಮತ್ತು ವಿಧಾನ, (ಸಿ) ಪರವಾನಗಿಯ ಷರತ್ತುಗಳು."

ಸರ್ಕಾರ ಮಾಡಿದ ನಿಯಮ 9: ಪರವಾನಗಿದಾರನೊಬ್ಬನ ಕೈಕೆಳಗೆ 2 ವರ್ಷ ಕೆಲಸ ಮಾಡದವನಿಗೆ ಪರವಾನಗಿ ನೀಡತಕ್ಕದ್ದಲ್ಲ. ನಿಯಮ 14: ಪ್ರತಿ ದುರಸ್ತಿಯನ್ನೂ ದುರಸ್ತಿಗಾರ ಲಾಗ್ ಪುಸ್ತಕದಲ್ಲಿ ಬರೆಯತಕ್ಕದ್ದು, ಕಟ್ಟಡದ ಮಾಲೀಕ ಆ ಪುಸ್ತಕವನ್ನು 5 ವರ್ಷ ಕಾಪಾಡತಕ್ಕದ್ದು.

22 ವರ್ಷದ ಒಬ್ಬ ಪರೀಕ್ಷೆ ಪಾಸಾಗಿ ಅರ್ಜಿ ಹಾಕ್ತಾನೆ. ಅನುಭವ ಇಲ್ಲ ಅಂತ ತಿರಸ್ಕಾರ. ಎರಡೂ ನಿಯಮಗಳ ಸಿಂಧುತ್ವ ಚರ್ಚಿಸಿ, 10 ಅಂಕ.

ನಾನು ಲಿಟರಲ್‌ಗೆ ಒಂದು ಪುಟ, ಪರ್ಪಸಿವ್‌ಗೆ ಒಂದು ಪುಟ, ಹಾರ್ಮೋನಿಯಸ್‌ಗೆ ಒಂದು ಪುಟ ಬರೆದೆ. ಕೊನೆಗೆ "ಅಕ್ಷರಶಃ ಓದಿದರೆ ಅಸಿಂಧು, ಉದ್ದೇಶ ನೋಡಿದರೆ ಸಿಂಧು, ನಿಯಮ 9 ಮತ್ತು ಕಲಂ 6ನ್ನು ಸಾಮರಸ್ಯದಿಂದ ಓದಿದರೆ ಎರಡೂ ಉಳಿಯುತ್ತವೆ" ಅಂತ ಮುಗಿಸಿದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: "ಸಿದ್ಧಾಂತ ಸರಿ, ಪ್ರಶ್ನೆ ಎಲ್ಲಿ?"

ಅರ್ಥ ಆಗ್ಲಿಲ್ಲ. ಪ್ರಶ್ನೆಗೇ ತಾನೇ ಉತ್ತರ ಬರೆದಿದ್ದು?

ಷರಾ

ಇದರಲ್ಲಿ ಮೂರು ವಿಧಾನದ ಅಗತ್ಯಾನೇ ಇಲ್ಲ. 30(2)ರಲ್ಲಿ ಪಟ್ಟಿ ಇದೆ. ಎ, ಬಿ, ಸಿ. ಅನುಭವ ಅನ್ನೋ ಮಾತು ಅದರಲ್ಲಿಲ್ಲ, ಲಾಗ್ ಪುಸ್ತಕಾನೂ ಇಲ್ಲ. ಹೆಸರಿಸಿದ್ದು ಬಂತು, ಹೆಸರಿಸದ್ದು ಹೊರಗೆ. ಎರಡೂ ಅಲ್ಟ್ರಾ ವೈರಿಸ್. ಅರ್ಧ ಪುಟದಲ್ಲಿ ಮುಗಿಯುತ್ತೆ.

ನೋಟ್ಸ್ ರಾಣಿ

ಷರಾ, ಪಟ್ಟಿ ಓದಿದ್ರಿ, ಪಟ್ಟಿಯ ಬಾಗಿಲು ಓದಲಿಲ್ಲ. "ವ್ಯಾಪಕತೆಗೆ ಬಾಧಕವಾಗದಂತೆ" ಅಂದ್ರೆ ಏನು? ಕೆಳಗಿನ ಪಟ್ಟಿಯಿಂದಾಗಿ ಮೇಲಿನ ಅಧಿಕಾರ ಕುಗ್ಗಬಾರದು ಅಂತ. ಲಿಟರಲ್ ಆಗಿ ಓದ್ತೀನಿ ಅನ್ನೋರು ಎಲ್ಲಾ ಪದಗಳನ್ನೂ ಓದಬೇಕಲ್ಲ.

ನಮ್ಮ ಬ್ಯಾಚಲ್ಲಿ ಕನ್ನಡ ಮಾಧ್ಯಮದವರು ಅರ್ಧ ಜನ ಇಲ್ಲೇ ಬೀಳ್ತಿದ್ರು. "ವಿಶೇಷವಾಗಿ" ಅನ್ನೋದನ್ನ "ಮಾತ್ರ" ಅಂತ ಓದ್ಕೊಂಡುಬಿಡೋದು.

ಹಳೇ ಕೋಟು

ನೋಟ್ಸ್ ರಾಣಿಯವರು ಹೇಳಿದ್ದು ಸರಿ. ಆದರೆ ಷರಾ ಅವರ ತಪ್ಪಿಗೆ ಒಳ್ಳೆಯ ಜೊತೆ ಇದೆ. ಇದೇ ತಪ್ಪನ್ನು ಫೆಡರಲ್ ಕೋರ್ಟೇ ಒಮ್ಮೆ ಮಾಡಿತ್ತು.

1939ರ ಭಾರತ ರಕ್ಷಣಾ ಕಾಯ್ದೆಯ ಕಲಂ 2ರಲ್ಲೂ ಹೀಗೇ ಎರಡು ತುಂಡು. ಮೇಲೆ ಸಾಮಾನ್ಯ ಅಧಿಕಾರ, ಕೆಳಗೆ "ಬಾಧಕವಾಗದಂತೆ" ಎಂದು ಪಟ್ಟಿ. ಜನರನ್ನು ಬಂಧನದಲ್ಲಿಡುವ ಬಗ್ಗೆ ಪಟ್ಟಿಯಲ್ಲಿದ್ದ ಮಾತು ಸಕಾರಣವಾಗಿ ಶಂಕಿಸಲಾದವರ ಬಗ್ಗೆ. ಸರ್ಕಾರ ಮಾಡಿದ ನಿಯಮ 26 ಮಾತ್ರ ಸರ್ಕಾರಕ್ಕೆ ಮನವರಿಕೆಯಾದರೆ ಸಾಕು ಎಂದಿತು. 1943ರಲ್ಲಿ ಕೇಶವ ತಳಪಾಡೆ ಪ್ರಕರಣದಲ್ಲಿ ಫೆಡರಲ್ ಕೋರ್ಟ್ ನಿಯಮವನ್ನು ಪಟ್ಟಿಯ ಪಕ್ಕ ಇಟ್ಟು ನೋಡಿ, ಮೀರಿದೆ, ಅಸಿಂಧು ಎಂದಿತು. 1945ರಲ್ಲಿ ಶಿಬನಾಥ ಬ್ಯಾನರ್ಜಿ ಪ್ರಕರಣ ಪ್ರಿವಿ ಕೌನ್ಸಿಲ್‌ಗೆ ಹೋದಾಗ ಆ ಓದು ಬಿದ್ದುಹೋಯಿತು. ಅಧಿಕಾರ ಬರುವುದು ಮೇಲಿನ ಉಪಕಲಂನಿಂದ, ಕೆಳಗಿನ ಪಟ್ಟಿ ಬರೀ ನಿದರ್ಶನ ಎಂದರು.

ಬಂಧಿತರ ಕಡೆಯಿಂದ ನೋಡಿದರೆ ಮನಸ್ಸು ಫೆಡರಲ್ ಕೋರ್ಟಿನ ಕಡೆಗೇ ವಾಲುತ್ತದೆ. ಆದರೆ ಆ ಪದಗುಚ್ಛದ ಓದಿನ ಮಟ್ಟಿಗೆ ನಮ್ಮ ಸುಪ್ರೀಂ ಕೋರ್ಟೂ ಮುಂದೆ ಪ್ರಿವಿ ಕೌನ್ಸಿಲ್ ಹಾದಿಯನ್ನೇ ಹಿಡಿದಿದೆ. 1964ರ ವರದಿಗಳಲ್ಲಿರುವ ಅಫ್ಜಲ್ ಉಲ್ಲಾ ಪ್ರಕರಣ ನೋಡಿ. ಬೈಲಾ ಪಟ್ಟಿಯೊಳಗೆ ಬರದಿದ್ದರೂ ಸಾಮಾನ್ಯ ಅಧಿಕಾರದೊಳಗೆ ಬಂದರೆ ಸಾಕು ಎಂದಿದೆ.

ಷರಾ

ಸರಿ, ಒಪ್ಪಿದೆ. ಹಾಗಾದ್ರೆ ಪಟ್ಟಿ ಬಿಟ್ಟು 30(1)ಕ್ಕೆ ಹೋಗೋಣ. ಕಾಯ್ದೆಯ ಉದ್ದೇಶ ಸುರಕ್ಷತೆ. ಎರಡು ವರ್ಷ ಕೈಕೆಳಗೆ ದುಡಿದವನು ಹೊಸಬನಿಗಿಂತ ಸುರಕ್ಷಿತ. ಹಾಗಾದ್ರೆ ನಿಯಮ 9 ಸಿಂಧು. ಮುಗೀತು?

ಮಧ್ಯರಾತ್ರಿ ಓದು

ಅದೇ ನಾನೂ ಹೇಳೋದು. ಈಗ ಕೋರ್ಟುಗಳು ಪರ್ಪಸಿವ್ ಕಡೆಗೇ. ನೋಟು ರದ್ದತಿ ತೀರ್ಪು ನೋಡಿ, 2023ರ ಜನವರಿ 2. ಆರ್‌ಬಿಐ ಕಾಯ್ದೆಯ ಕಲಂ 26(2)ರಲ್ಲಿ "ಯಾವುದೇ ಸರಣಿಯ" ನೋಟು ಅಂತ ಇತ್ತು. ಒಂದು ಸರಣಿ ಅಂತ ಓದಬೇಕಾ, ಎಲ್ಲಾ ಸರಣಿ ಅಂತಾನಾ? ಉದ್ದೇಶ ನೋಡಿ, ಎಲ್ಲಾ ಸರಣಿಗಳೂ ಬರುತ್ತೆ ಅಂದ್ರು. ಲಿಟರಲ್‌ ಕಾಲ ಮುಗಿದಿದೆ. ಉತ್ತರದಲ್ಲಿ ಉದ್ದೇಶ ಬರೆದು ನಿಯಮ ಉಳಿಸಿ, ಅಂಕ ಬರುತ್ತೆ.

ನೋಟ್ಸ್ ರಾಣಿ

ಅದು 4:1 ತೀರ್ಪು. ಆ ಒಂದನ್ನ ಬಿಟ್ಟು ಹೇಳಿದ್ರೆ ಹೇಗೆ?

ಹಳೇ ಕೋಟು

ಮಧ್ಯರಾತ್ರಿ ಓದು ಅವರೇ, ಆ ತೀರ್ಪು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಆದರೆ ನೀವು ಹೇಳಿದ ಕೆಲಸಕ್ಕಲ್ಲ. ಮೊದಲು ನಿಯಮ 9ನ್ನು ಮುಗಿಸೋಣ, ಅದಕ್ಕೆ ಆಮೇಲೆ ಬರುತ್ತೇನೆ.

ಷರಾ ಅವರ ವಾದದಲ್ಲಿ ಒಂದು ಪದ ಜಾರಿದೆ. 30(1) ಸರ್ಕಾರಕ್ಕೆ ಸುರಕ್ಷತೆಯ ಅಧಿಕಾರ ಕೊಟ್ಟಿಲ್ಲ. "ಈ ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು" ಕೊಟ್ಟಿದೆ. ಈ ಕಾಯ್ದೆ ಸುರಕ್ಷತೆಗೆ ಒಂದು ದಾರಿ ಆರಿಸಿಕೊಂಡಿದೆ: ವಯಸ್ಸು, ಪರೀಕ್ಷೆ. ಆ ಎರಡು ಇದ್ದವನಿಗೆ ಪರವಾನಗಿ ಕೊಡಲೇಬೇಕು ಎಂದೂ ಅದೇ ಕಲಂ ಹೇಳುತ್ತದೆ. ಅನುಭವ ಬೇಕು ಎಂದು ಶಾಸಕಾಂಗಕ್ಕೆ ಅನಿಸಿದ್ದರೆ ಬರೆಯುವುದು ಕಷ್ಟವಿರಲಿಲ್ಲ. ಪರವಾನಗಿದಾರನ ಕೈಕೆಳಗೇ 2 ವರ್ಷ ಎಂದರೆ ಈಗಾಗಲೇ ಒಳಗಿರುವವರು ಬಾಗಿಲು ಕಾಯುವ ಹಾಗೆ. ಸುರಕ್ಷತೆಯ ಜೊತೆಗೆ ಹೊಸಬರ ಜೀವನೋಪಾಯವನ್ನೂ ತೂಗಿ ಶಾಸಕಾಂಗ ಕಲಂ 6ರಲ್ಲಿ ನಿಂತಿತು ಎಂದು ಓದಬಹುದು. ಹಾಗೆ ಓದಿದರೆ ಉದ್ದೇಶವೇ ನಿಯಮ 9ರ ವಿರುದ್ಧ ಸಾಕ್ಷಿ ಹೇಳುತ್ತದೆ.

ಪರ್ಪಸಿವ್ ಎಂದರೆ ಯಾವಾಗಲೂ ಅಧಿಕಾರ ಹಿಗ್ಗಿಸುವುದು ಎಂದುಕೊಳ್ಳುವುದೇ ಮೂಲ ತಪ್ಪು. ಅದು ಕುಗ್ಗಿಸುವುದೂ ಉಂಟು.

ಇದಕ್ಕೆ ನಮ್ಮದೇ ರಾಜ್ಯದ ಪ್ರಕರಣ ಇದೆ. ಕರ್ನಾಟಕ ರಾಜ್ಯ ವಿರುದ್ಧ ಎಚ್. ಗಣೇಶ್ ಕಾಮತ್, ಸುಪ್ರೀಂ ಕೋರ್ಟ್, 1983. ಕರ್ನಾಟಕ ಮೋಟಾರು ವಾಹನ ನಿಯಮಗಳು 1963, ಅದರ ನಿಯಮ 5(2). ಭಾರಿ ವಾಹನ ಓಡಿಸಲು ಅನುಮತಿ ಬೇಕಾದರೆ ಮಧ್ಯಮ ವಾಹನ ಓಡಿಸಿದ ಕನಿಷ್ಠ 2 ವರ್ಷದ ಅನುಭವ ಬೇಕು ಎಂದಿತ್ತು. ರಸ್ತೆಯಲ್ಲಿ ಓಡಾಡುವ ಯಾರಿಗೇ ಕೇಳಿದರೂ ಒಳ್ಳೆಯ ನಿಯಮ ಎನ್ನುತ್ತಾರೆ. ಆದರೆ ಚಾಲನಾ ಪರವಾನಗಿಗೆ ಏನು ಬೇಕು, ಪರೀಕ್ಷೆ ಹೇಗೆ ಎಂಬುದನ್ನು 1939ರ ಕಾಯ್ದೆಯ ಕಲಂ 7 ಆಗಲೇ ಹೇಳಿತ್ತು. ನಿಯಮ ಮಾಡುವ ಅಧಿಕಾರ ಇದೆ ಎಂದ ಮಾತ್ರಕ್ಕೆ ಮೂಲ ಕಾಯ್ದೆಯನ್ನು ಮೀರುವ ಅಥವಾ ಅದಕ್ಕೆ ವಿರುದ್ಧವಾದ ನಿಯಮ ಮಾಡಲಾಗದು ಎಂದು ಕೋರ್ಟ್ ಅದನ್ನು ಹೊಡೆದುಹಾಕಿತು.

ನಿಮ್ಮ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದವರ ಮೇಜಿನ ಮೇಲೆ ಈ ತೀರ್ಪು ತೆರೆದೇ ಇತ್ತು ಎಂದು ನನ್ನ ಗುಮಾನಿ. 2 ವರ್ಷ ಅನ್ನುವುದನ್ನೂ ಬದಲಾಯಿಸಿಲ್ಲ.

ಆರನೇ ಬೆಂಚು

ಅಯ್ಯೋ, ಕಾಮತ್ ಓದಿದ್ದೆ ಸರ್. ವಾಹನದ ಕೇಸ್ ಅಂತ ನೆನಪಿತ್ತು, ಲಿಫ್ಟ್ ನೋಡಿ ಹೊಳೀಲೇ ಇಲ್ಲ.

ಆದರೆ ಹಾರ್ಮೋನಿಯಸ್‌ನಲ್ಲಿ ನಾನು ಬರೆದಿದ್ದರಲ್ಲಿ ಏನು ತಪ್ಪು? ಕಲಂ 6 ಪರೀಕ್ಷೆ ಕೇಳುತ್ತೆ, ನಿಯಮ 9 ಅನುಭವ ಕೇಳುತ್ತೆ. ಎರಡನ್ನೂ ಪಾಲಿಸಬಹುದಲ್ಲ, ಡಿಕ್ಕಿ ಎಲ್ಲಿದೆ?

ನೋಟ್ಸ್ ರಾಣಿ

"ನೀಡತಕ್ಕದ್ದು" ಮತ್ತು "ನೀಡತಕ್ಕದ್ದಲ್ಲ". ಆ ಹುಡುಗನ ಅರ್ಜಿ ಮೇಜಿನ ಮೇಲಿದೆ ಅಂದ್ಕೊಳ್ಳಿ. ಕಲಂ 6 ಪ್ರಕಾರ ಅಧಿಕಾರಿ ಕೊಡಬೇಕು, ನಿಯಮ 9 ಪ್ರಕಾರ ಕೊಡಬಾರದು. ಒಂದೇ ಅರ್ಜಿ, ಒಂದೇ ಪೆನ್ನು. ಡಿಕ್ಕಿ ಅಲ್ಲೇ.

ಅರ್ಜಿದಾರನ ಕಡೆಯಿಂದ ನೋಡಿದ್ರೆ ಎರಡನ್ನೂ ಪಾಲಿಸಬಹುದು ಅನ್ಸುತ್ತೆ, ನಿಜ. ಆದರೆ ಕಲಂ 6 ಮಾತಾಡ್ತಿರೋದು ಪ್ರಾಧಿಕಾರದ ಜೊತೆ.

ಹಳೇ ಕೋಟು

ಚೆನ್ನಾಗಿ ಹೇಳಿದಿರಿ. ಇದಕ್ಕಿಂತ ಬುಡದಲ್ಲೇ ಇನ್ನೊಂದು ತಪ್ಪಿದೆ. ಬಹುಶಃ ಆ ಕೆಂಪು ಶಾಯಿ ಅದಕ್ಕೇ.

ಹಾರ್ಮೋನಿಯಸ್ ಕನ್‌ಸ್ಟ್ರಕ್ಷನ್ ಸರಿಸಮಾನರ ನಡುವಿನ ರಾಜಿ. ಒಂದೇ ಕಾಯ್ದೆಯ ಎರಡು ಕಲಂಗಳು, ಎರಡನ್ನೂ ಬರೆದದ್ದು ಅದೇ ಶಾಸಕಾಂಗ, ಹಾಗಾಗಿ ಯಾವುದನ್ನೂ ಸಾಯಿಸದಂತೆ ಓದಬೇಕು. ನಿಯಮ ಹಾಗಲ್ಲ, ಅದು ಕಾಯ್ದೆಯ ಕೂಸು. ಕಾಯ್ದೆಗೆ ಹೊಂದಿಕೊಳ್ಳುವಂತೆ ನಿಯಮವನ್ನು ಕುಗ್ಗಿಸಿ ಓದಿ ಉಳಿಸಬಹುದು, ಕೋರ್ಟುಗಳು ಹಾಗೆ ಮಾಡುತ್ತವೆ. ಆದರೆ ನಿಯಮ ಉಳಿಯಲಿ ಎಂದು ಕಾಯ್ದೆಯ ಕಲಂ ಅನ್ನು ಬಗ್ಗಿಸುವಂತಿಲ್ಲ. ನೀವು ಕಲಂ 6 ಮತ್ತು ನಿಯಮ 9ನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟಿರಿ. ಇಡಬೇಕಾಗಿದ್ದದ್ದು ಕಲಂ 6 ಮತ್ತು ಕಲಂ 30ನ್ನು.

ಇಟ್ಟು ನೋಡಿ. 30(2)(ಸಿ) "ಪರವಾನಗಿಯ ಷರತ್ತುಗಳು" ಎನ್ನುತ್ತದೆ. ಬರೀ ಅಕ್ಷರ ಹಿಡಿದರೆ ಪರವಾನಗಿ ಪಡೆಯುವುದಕ್ಕೆ ಷರತ್ತು ಎಂದೂ ಓದಬಹುದು, ಪಡೆದ ಮೇಲೆ ಪಾಲಿಸಬೇಕಾದ ಷರತ್ತು ಎಂದೂ ಓದಬಹುದು. ಮೊದಲಿನಂತೆ ಓದಿದರೆ ಕಲಂ 6ರ "ನೀಡತಕ್ಕದ್ದು" ಸತ್ತುಹೋಗುತ್ತದೆ. ಇವತ್ತು ಅನುಭವ, ನಾಳೆ ಪದವಿ, ನಾಡಿದ್ದು ಶಿಫಾರಸು ಪತ್ರ. ಎರಡನೆಯಂತೆ ಓದಿದರೆ ಕಲಂ 6ಕ್ಕೂ ಕೆಲಸ ಉಳಿಯುತ್ತದೆ, (ಸಿ)ಗೂ ಉಳಿಯುತ್ತದೆ. ಪ್ರವೇಶ ಕಲಂ 6ರದ್ದು, ಒಳಗೆ ಬಂದ ಮೇಲಿನ ನಡವಳಿಕೆ ನಿಯಮದ್ದು. ಸುರಕ್ಷತೆಯ ಕಾಳಜಿಯೂ ಅನಾಥವಾಗುವುದಿಲ್ಲ. (ಬಿ) ಇದೆಯಲ್ಲ, ಪರೀಕ್ಷೆಯಲ್ಲೇ ಕೈಕೆಲಸದ ಭಾಗ ಇಟ್ಟು ಕಠಿಣ ಮಾಡಲಿ, ಯಾರು ಬೇಡ ಎಂದರು?

ಇದನ್ನು ಬರೆದರೆ ಮೂರು ವಿಧಾನವೂ ಬಂದಂತಾಯಿತು. "ಷರತ್ತು" ಎಂಬ ಪದಕ್ಕೆ ಎರಡು ಅರ್ಥ ಸಾಧ್ಯ ಎಂಬಲ್ಲಿ ಅಕ್ಷರ ಸೋತಿತು. ಯಾವ ಅರ್ಥ ಎಂದು ಆರಿಸಲು ಕಲಂ 6 ಬೇಕಾಯಿತು. ಆರಿಸಿದ್ದು ಕಾಯ್ದೆಯ ಉದ್ದೇಶಕ್ಕೆ ಒಗ್ಗುತ್ತದೆಯೇ ಎಂದು ಪೀಠಿಕೆಯಲ್ಲಿ ನೋಡಿಕೊಂಡೆವು. ಮೂರು ಪುಟ, ಮೂರು ಶೀರ್ಷಿಕೆ ಬೇಕಾಗಲಿಲ್ಲ.

ತಂತಿ ಕೆಲಸ

ನಾನು ಕಾನೂನು ಓದಿದವನಲ್ಲ, ವೈರಿಂಗ್ ಗುತ್ತಿಗೆದಾರ. ಆದರೆ ಇದು ನನ್ನದೇ ಕಥೆ ಇದ್ದ ಹಾಗಿದೆ. ಲೈಸೆನ್ಸ್ ನವೀಕರಣಕ್ಕೆ ಹೋದ್ರೆ ಒಂದು ಕಚೇರಿಯಲ್ಲಿ ಹೊಸದಾಗಿ ಏನೋ ಪ್ರಮಾಣಪತ್ರ ತಾ ಅಂದ್ರು. ಯಾವ ನಿಯಮ ಸ್ವಾಮಿ ಅಂದ್ರೆ ಒಂದು ಸುತ್ತೋಲೆ ತೋರಿಸಿದ್ರು. ನೀವು ಹೇಳೋ ಪ್ರಕಾರ ಅದು ಹೊಡೆದುಹೋಗುತ್ತೆ ಅಂತಾಯ್ತಲ್ಲ? ಈ ಕಾಮತ್ ಕೇಸ್ ಪ್ರಿಂಟ್ ತೆಗೆದುಕೊಂಡು ಹೋಗಲಾ?

ಕರಡು ಬರೆಯೋನು

ಸ್ವಾಮಿ, ನಿಮ್ಮದು ಬೇರೆ ಗಂಟು. ಇಲ್ಲಿ ಚರ್ಚೆ ಆಗ್ತಿರೋದು ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಅಧಿಸೂಚನೆ ಹೊರಡಿಸಿ ಮಾಡಿದ ನಿಯಮ. ಸುತ್ತೋಲೆ ಸಾಮಾನ್ಯವಾಗಿ ಕಚೇರಿಗಳು ಒಳಗೊಳಗೆ ಕಳಿಸಿಕೊಳ್ಳೋ ಸೂಚನೆ. ನವೀಕರಣಕ್ಕೆ ಏನು ಬೇಕು ಅಂತ ನಿಮ್ಮ ಲೈಸೆನ್ಸ್‌ಗೆ ಸಂಬಂಧಪಟ್ಟ ನಿಯಮದಲ್ಲಿ ಏನಿದೆ ಮೊದಲು ನೋಡಿ. ಆಮೇಲೆ, ಸುತ್ತೋಲೆ ಯಾವ ಕಲಂ ಅಡಿ ಹೊರಟಿದೆ ಅಂತ ಲಿಖಿತವಾಗಿ ಕೇಳಿ. ತಿರಸ್ಕರಿಸೋದಾದ್ರೆ ಕಾರಣ ಬರೆದು ಕೊಡಿ ಅನ್ನಿ. ಆ ಕಾಗದ ಕೈಗೆ ಬಂದ ಮೇಲೆ ವಕೀಲರ ಹತ್ತಿರ ಹೋಗಿ. ಕೌಂಟರ್‌ನಲ್ಲಿ ತೀರ್ಪು ತೋರಿಸಿ ಗೆದ್ದವರನ್ನ ನಾನಂತೂ ನೋಡಿಲ್ಲ.

ಈಗ ಮೂಲ ಪ್ರಶ್ನೆಗೆ. ನಾನು ಕೆಲವು ವರ್ಷ ನಿಯಮಗಳ ಕರಡು ಬರೆಯೋ ಕಡೆ ಕೆಲಸ ಮಾಡಿದವನು. ಒಂದು ವಿಷಯ ಯಾರೂ ಎತ್ತಲಿಲ್ಲ: ಕಲಂ 6ರಲ್ಲಿ ಇಲ್ಲದ ಪದಗಳು. ಪರವಾನಗಿ ಕಲಂ ಬರೆಯೋವಾಗ "ಮತ್ತು ನಿಯಮಿಸಬಹುದಾದ ಇತರ ಅರ್ಹತೆಗಳನ್ನು ಹೊಂದಿರುವ" ಅಂತ ಒಂದು ಬಾಲ ಸೇರಿಸೋದು ನಮ್ಮಲ್ಲಿ ಕೈಗೆ ಬಂದ ಅಭ್ಯಾಸ. ಆ ಬಾಲ ಇದ್ದಿದ್ರೆ ನಿಯಮ 9 ಆರಾಮಾಗಿ ನಿಲ್ತಿತ್ತು. ಇಲ್ಲಿ ಪರೀಕ್ಷೆಯ ಮುಂದೆ ಮಾತ್ರ "ನಿಯಮಿಸಲಾದ" ಇದೆ, ವಯಸ್ಸಿಗೆ ಇಲ್ಲ, ಇತರ ಅರ್ಹತೆ ಅನ್ನೋ ಮಾತೇ ಇಲ್ಲ. ಅಂದ್ರೆ ಯಾವುದನ್ನ ಸರ್ಕಾರಕ್ಕೆ ಬಿಟ್ಟೆ, ಯಾವುದನ್ನ ಬಿಡಲಿಲ್ಲ ಅಂತ ಕಲಂ ಬೆರಳಿಟ್ಟು ತೋರಿಸ್ತಿದೆ. ನನಗೆ ಲಿಟರಲ್ ಓದು ಅಂದ್ರೆ ಇದು. ನಿಘಂಟು ತೆರೆದು "ಷರತ್ತು" ಹುಡುಕೋದಲ್ಲ.

ಪರೀಕ್ಷೆಯಲ್ಲಿ ಆ ಒಂದು ಬಾಲ ಸೇರಿಸಿ ಅದೇ ಪ್ರಶ್ನೆ ಮತ್ತೆ ಕೊಟ್ರೆ ಉತ್ತರ ತಿರುಗಿ ಬೀಳುತ್ತೆ. ಹಾಗಾಗಿ ಕಾಮತ್ ಬಾಯಿಪಾಠ ಮಾಡಿ ಎಲ್ಲಾ ಕಡೆ ಅಂಟಿಸೋಕೆ ಹೋಗಬೇಡಿ.

ಮಧ್ಯರಾತ್ರಿ ಓದು

ಹಳೇ ಕೋಟು ಸರ್, ನೋಟು ರದ್ದತಿಗೆ ಆಮೇಲೆ ಬರ್ತೀನಿ ಅಂದಿದ್ರಿ.

ಹಳೇ ಕೋಟು

ಬಂದೆ. ಅಲ್ಲಿ ಎಳೆದಾಟ ಇದ್ದದ್ದು ಅಧಿಕಾರ ಕೊಡುವ ಕಲಂನೊಳಗಿನ "ಯಾವುದೇ" ಎಂಬ ಒಂದೇ ಪದದ ಮೇಲೆ. ಆ ಪದ ಎರಡೂ ಕಡೆ ಎಳೆದರೆ ಬರುತ್ತದೆ, ಕನ್ನಡದಲ್ಲೂ ಹಾಗೇ. ಬಹುಮತದ ನಾಲ್ವರು ಉದ್ದೇಶ ನೋಡಿ ಅದನ್ನು ಹಿಗ್ಗಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಇಷ್ಟು ಅಗಲ ಓದಿದರೆ ಸಂಸತ್ತು ಅಳತೆಗೋಲೇ ಇಲ್ಲದೆ ಅಧಿಕಾರ ಒಪ್ಪಿಸಿದಂತಾಗಲಿಲ್ಲವೇ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಯಿತು. ಕೊಟ್ಟರು: ಆರ್‌ಬಿಐ ಕೇಂದ್ರ ಮಂಡಳಿಯ ಶಿಫಾರಸು ಬೇಕೆಂದು ಕಲಂನಲ್ಲೇ ಇದೆ, ಅದೇ ಲಗಾಮು.

ಭಿನ್ನಮತ ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಅದೇ ಕಲಂ ಅನ್ನು ಕುಗ್ಗಿಸಿ ಓದಿದರು. ಸರ್ಕಾರವೇ ಮುಂದಾಗಿ ಎಲ್ಲ ಸರಣಿಗಳನ್ನೂ ರದ್ದು ಮಾಡುವುದಾದರೆ ಅದಕ್ಕೆ ಶಾಸನವೇ ಬೇಕು, ಅಧಿಸೂಚನೆ ಸಾಲದು ಎಂದರು. 1946ರಲ್ಲಿ ಸುಗ್ರೀವಾಜ್ಞೆ, 1978ರಲ್ಲಿ ಸುಗ್ರೀವಾಜ್ಞೆ ಮತ್ತು ಕಾಯ್ದೆ ಬಂದದ್ದನ್ನು ನೆನಪಿಡಿ.

ಪರೀಕ್ಷೆಗೆ ಇದರಿಂದ ಸಿಗುವುದು ಒಂದೇ ವಿಷಯ, ಆದರೆ ತೂಕದ್ದು. ಅಧಿಕಾರದ ಕಲಂ ಅನ್ನು ಹಿಗ್ಗಿಸಿ ಓದಿದಷ್ಟೂ ಆ ಕಲಂ ತಾನೇ ಅಪಾಯಕ್ಕೆ ಸಿಲುಕುತ್ತದೆ. ನಿಯಮ 9 ಉಳಿಸಲು ನೀವು 30(1)ನ್ನು "ಸುರಕ್ಷತೆಗೆ ಏನು ಬೇಕಾದರೂ" ಎಂದು ಓದಿದರೆ, ಮರುಕ್ಷಣ ನಿಮ್ಮನ್ನು ಕೇಳುತ್ತಾರೆ: ಹಾಗಾದರೆ 30(1)ರಲ್ಲಿ ನೀತಿ ಎಲ್ಲಿದೆ, ಮಿತಿ ಎಲ್ಲಿದೆ? 1951ರ ದೆಹಲಿ ಲಾಸ್ ಆಕ್ಟ್ ಅಭಿಪ್ರಾಯದಿಂದ ಹಿಡಿದು, ಶಾಸನದ ಮೂಲನೀತಿಯನ್ನು ಶಾಸಕಾಂಗ ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ ಎಂಬ ಮಾತಿದೆ. ಕಲಂ 6ರ ಬೇಲಿಯೊಳಗೆ 30ನ್ನು ಓದಿದರೆ ಆ ಗೊಡವೆಯೇ ಇಲ್ಲ, 30 ಸುರಕ್ಷಿತ. ನಿಯಮ ಬಿದ್ದರೂ ಕಲಂ ಉಳಿಯುತ್ತದೆ. "ಕಲಂ 30 ಅಸಂವಿಧಾನಿಕ" ಮತ್ತು "ನಿಯಮ 9 ಅಲ್ಟ್ರಾ ವೈರಿಸ್" ಇವೆರಡೂ ಒಂದೇ ಎಂಬಂತೆ ಬರೆಯುವ ಉತ್ತರ ಪತ್ರಿಕೆ ನಾನು ರಾಶಿಗಟ್ಟಲೆ ತಿದ್ದಿದ್ದೇನೆ.

ಮಧ್ಯರಾತ್ರಿ ಓದು

ಸರಿ ಸರ್. ಆದರೂ ಕಾಮತ್ 1983ರದ್ದು. ಈಗಿನ ಕೋರ್ಟು ಜನರ ಪ್ರಾಣದ ವಿಷಯದಲ್ಲಿ ಅಷ್ಟೇ ಬಿಗಿಯಾಗಿ ಓದುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಹಳೇ ಕೋಟು

ನಂಬಿಕೆ ನಿಮ್ಮದು. ಉತ್ತರದಲ್ಲಿ ಮಾತ್ರ "ನೀಡತಕ್ಕದ್ದು" ಅನ್ನು ದಾಟುವುದು ಹೇಗೆ ಎಂದು ಬರೆಯಿರಿ. ದಾಟಿ ಬರೆದರೆ ನಾನು ಒಪ್ಪದಿದ್ದರೂ ಅಂಕ ಕೊಡುತ್ತೇನೆ.

ಷರಾ

ನಿಯಮ 14 ಯಾರೂ ಮುಟ್ಟಲೇ ಇಲ್ಲ.

ನೋಟ್ಸ್ ರಾಣಿ

14 ಸುಲಭ. ಲಾಗ್ ಪುಸ್ತಕ ಬರೆಯೋದು ಪರವಾನಗಿ ಸಿಕ್ಕ ಮೇಲಿನ ನಡವಳಿಕೆ, (ಸಿ)ಯೊಳಗೆ ಬರುತ್ತೆ. ಬರದಿದ್ರೂ 30(1) ಇದೆ. ಕಲಂ 6ಕ್ಕೆ ಅದು ಎಲ್ಲೂ ತಾಗಲ್ಲ. ಸಿಂಧು.

ಕರಡು ಬರೆಯೋನು

ಅರ್ಧ ಮಾತ್ರ. ನಿಯಮದ ಎರಡನೇ ತುಂಡು ಓದಿ: ಪುಸ್ತಕ ಕಾಪಾಡಬೇಕಾದವನು ಕಟ್ಟಡದ ಮಾಲೀಕ. ಅವನು ಪರವಾನಗಿದಾರ ಅಲ್ಲ. (ಸಿ) ಅವನನ್ನ ಹಿಡಿಯಲ್ಲ. ಇಡೀ ಕಾಯ್ದೆ ದುರಸ್ತಿಗಾರರ ಬಗ್ಗೆ, ಮಾಲೀಕನ ಮೇಲೆ ಹೊರೆ ಹಾಕೋ ಒಂದು ಕಲಂನ್ನೂ ಪ್ರಶ್ನೆಯಲ್ಲಿ ಕೊಟ್ಟಿಲ್ಲ. 30(1)ರ ಆಸರೆಯಲ್ಲಿ ಮೂರನೆಯವನ ಮೇಲೆ ಹೊಸ ಹೊಣೆ ಹೊರಿಸಬಹುದಾ?

ಹಳೇ ಕೋಟು

ಇಲ್ಲಿ 2000ದ ಕುಂಜ್ ಬಿಹಾರಿ ಲಾಲ್ ಬುಟೈಲ್ ಪ್ರಕರಣ ಬರುತ್ತದೆ. ಹಿಮಾಚಲದ ಭೂ ಮಿತಿ ಕಾಯ್ದೆ. ಚಹಾ ತೋಟಗಳಿಗೂ ಅವಕ್ಕೆ ಪೂರಕವಾದ ಜಮೀನಿಗೂ ಕಾಯ್ದೆಯೇ ವಿನಾಯಿತಿ ಕೊಟ್ಟಿತ್ತು. ಅಂಥ ಜಮೀನಿನ ಪರಭಾರೆಯ ಮೇಲೆ ಸರ್ಕಾರ ನಿಯಮದ ಮೂಲಕ ನಿರ್ಬಂಧ ತಂದಿತು. "ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು" ಎಂಬ ಸಾಮಾನ್ಯ ಅಧಿಕಾರ ಹಿಡಿದು, ಕಾಯ್ದೆ ಊಹಿಸಿರದ ಹಕ್ಕು, ಹೊಣೆ, ನಿರ್ಬಂಧಗಳನ್ನು ಹೊಸದಾಗಿ ಹುಟ್ಟಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಶಿಬನಾಥ ಪಟ್ಟಿಯ ಗೋಡೆ ತೆಗೆಯುತ್ತದೆ, ಬುಟೈಲ್ ಹೊರಗಿನ ಬೇಲಿ ತೋರಿಸುತ್ತದೆ. ಮೊದಲನೆಯದನ್ನು ಮಾತ್ರ ಓದಿದವರು ಎಲ್ಲ ನಿಯಮವನ್ನೂ ಉಳಿಸುತ್ತಾರೆ, ಎರಡನೆಯದನ್ನು ಮಾತ್ರ ಓದಿದವರು ಎಲ್ಲವನ್ನೂ ಬೀಳಿಸುತ್ತಾರೆ.

ನನ್ನ ಮಟ್ಟಿಗೆ 14ರ ಮೊದಲ ತುಂಡು ಉಳಿಯುತ್ತದೆ. ಎರಡನೆಯದು ಬೀಳುತ್ತದೆ, ಬೇರ್ಪಡಿಸಬಹುದಾದ್ದರಿಂದ ಮೊದಲನೆಯದನ್ನು ಜೊತೆಗೆ ಎಳೆದುಕೊಂಡು ಹೋಗುವುದಿಲ್ಲ.

ನೋಟ್ಸ್ ರಾಣಿ

ಇಲ್ಲಿ ನಾನು ಒಪ್ಪಲ್ಲ ಸರ್. ಬುಟೈಲ್‌ನಲ್ಲಿ ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟದ್ದನ್ನ ನಿಯಮ ಒಳಗೆ ಎಳೆದುಕೊಂಡಿತ್ತು. ಇಲ್ಲಿ ಮಾಲೀಕನನ್ನ ಕಾಯ್ದೆ ಹೊರಗಿಟ್ಟಿಲ್ಲ, ಸುಮ್ಮನಿದೆ ಅಷ್ಟೇ. ದುರಸ್ತಿಗಾರ ಬರೆದ ಪುಸ್ತಕ ಎಲ್ಲಾದರೂ ಇರಬೇಕಲ್ಲ? ಅವನು ಬಂದು ಹೋಗೋನು. ಕಟ್ಟಡದಲ್ಲಿ ಇರದಿದ್ರೆ ಮುಂದಿನ ದುರಸ್ತಿಗಾರನಿಗೆ ಹಿಂದೆ ಯಾವ ಹಗ್ಗ ಬದಲಾಯಿಸಿದ್ರು ಅಂತ ಗೊತ್ತಾಗೋದು ಹೇಗೆ? ಬರೆಯೋ ಹೊಣೆಯ ನೆರಳಿನಂತೆ ಇಟ್ಟುಕೊಳ್ಳೋ ಹೊಣೆ ಬರುತ್ತೆ.

ಕರಡು ಬರೆಯೋನು

ಇಟ್ಟುಕೊಳ್ಳದಿದ್ರೆ ದಂಡ ಅಂತ ನಿಯಮದಲ್ಲಿದ್ರೆ ನಿಮ್ಮ ವಾದ ನಿಲ್ಲಲ್ಲ. ದಂಡ ಇಲ್ಲ, ಹಾಗಾಗಿ ಏನೋ ಹೇಳಬಹುದು. ನಾನು ಕರಡು ಮಾಡ್ತಿದ್ರೆ "ದುರಸ್ತಿಗಾರನು ಲಾಗ್ ಪುಸ್ತಕದ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳತಕ್ಕದ್ದು" ಅಂತ ಬರೆದು ಮಾಲೀಕನ ಸಹವಾಸಕ್ಕೇ ಹೋಗ್ತಿರಲಿಲ್ಲ.

ಷರಾ

ನಿಯಮಗಳನ್ನ ಸದನದ ಮುಂದೆ ಇಟ್ಟಿದ್ರೆ? ಸಾಮಾನ್ಯವಾಗಿ ಇಡ್ತಾರಲ್ಲ. ಸದನ ಆಕ್ಷೇಪ ಮಾಡಲಿಲ್ಲ ಅಂದ್ರೆ ದೋಷ ತೊಳೆದುಹೋಗಲ್ವಾ?

ಹಳೇ ಕೋಟು

ಇಲ್ಲ. 1972ರ ಹುಕಂ ಚಂದ್ ಪ್ರಕರಣ. ಅಧಿಕಾರ ಮೀರಿದ ನಿಯಮಕ್ಕೆ ಸದನದ ಮುಂದೆ ಇಟ್ಟ ಮಾತ್ರಕ್ಕೆ ಜೀವ ಬರುವುದಿಲ್ಲ. ಪ್ರಶ್ನೆಯಲ್ಲಿ ಆ ಉಪಕಲಂ ಕೊಟ್ಟಿದ್ದರೆ ಒಂದು ಸಾಲು ಬರೆಯಿರಿ, ಕೊಡದಿದ್ದರೆ ಬೇಡ.

ಆರನೇ ಬೆಂಚು

ನಿಯಮ 9ರ ಭಾಗ ಮತ್ತೆ ಬರೆದೆ. ನೋಡಿ ಹೇಳಿ:

"ಪ್ರಶ್ನೆ ಇಷ್ಟು: ಕಲಂ 30 ಕೊಟ್ಟ ಅಧಿಕಾರ, ಪರವಾನಗಿಗೆ ಹೊಸ ಅರ್ಹತೆ ಸೇರಿಸುವಷ್ಟು ಅಗಲವಾಗಿದೆಯೇ? 30(2)ರ ಪಟ್ಟಿಯಲ್ಲಿ ಅನುಭವ ಇಲ್ಲದಿರುವುದು ನಿರ್ಣಾಯಕವಲ್ಲ, ಏಕೆಂದರೆ ಪಟ್ಟಿ ನಿದರ್ಶನ ಮಾತ್ರ (ಶಿಬನಾಥ ಬ್ಯಾನರ್ಜಿ). (ಸಿ)ಯ 'ಷರತ್ತುಗಳು' ಎಂಬುದಕ್ಕೆ ಪ್ರವೇಶದ ಷರತ್ತು ಎಂಬ ಅರ್ಥವೂ ಸಾಧ್ಯ. ಆದರೆ ಕಲಂ 6 ವಯಸ್ಸನ್ನು ತಾನೇ ನಿಗದಿ ಮಾಡಿ, ಪರೀಕ್ಷೆಯನ್ನು ಮಾತ್ರ ನಿಯಮಕ್ಕೆ ಬಿಟ್ಟು, ಇತರ ಅರ್ಹತೆಗಳ ಬಗ್ಗೆ ಏನನ್ನೂ ಬಿಡದೆ, 'ನೀಡತಕ್ಕದ್ದು' ಎನ್ನುತ್ತದೆ. ಎರಡೂ ಕಲಂಗಳಿಗೆ ಕೆಲಸ ಉಳಿಯಬೇಕಾದರೆ 'ಷರತ್ತುಗಳು' ಪರವಾನಗಿ ನೀಡಿದ ನಂತರದವು ಎಂದೇ ಓದಬೇಕು. ಸುರಕ್ಷತೆಯ ಉದ್ದೇಶ ಇದರಿಂದ ಸೊರಗುವುದಿಲ್ಲ, (ಬಿ) ಅಡಿ ಪರೀಕ್ಷೆಯನ್ನೇ ಬಿಗಿಗೊಳಿಸಬಹುದು. ಆದ್ದರಿಂದ ನಿಯಮ 9 ಕಲಂ 6ಕ್ಕೆ ವಿರುದ್ಧ, ಅಸಿಂಧು (ಗಣೇಶ್ ಕಾಮತ್). ಅರ್ಜಿಯನ್ನು ಅನುಭವ ಕೇಳದೆ ಪರಿಗಣಿಸಬೇಕು."

ಹಳೇ ಕೋಟು

ಈಗ ಪ್ರಶ್ನೆ ಕಾಣುತ್ತಿದೆ. ಕಾಮತ್ ಯಾಕೆ ಅನ್ವಯವಾಗುತ್ತದೆ ಎಂಬುದಕ್ಕೆ ಒಂದು ವಾಕ್ಯ ಸೇರಿಸಿ. ಅಲ್ಲೂ ಕಾಯ್ದೆಯೇ ಅರ್ಹತೆ ಹೇಳಿತ್ತು, ನಿಯಮ ಅನುಭವವನ್ನು ಮೇಲೆ ಹೇರಿತ್ತು ಎಂದು. ಬರೀ ಹೆಸರು ಆವರಣದಲ್ಲಿ ಹಾಕಿದರೆ ಓದಿದ್ದೀರೋ ಕೇಳಿದ್ದೀರೋ ತಿಳಿಯುವುದಿಲ್ಲ. ಸರ್ಕಾರದ ಕಡೆಯ ವಾದಕ್ಕೂ ಎರಡು ಸಾಲು ಜಾಗ ಕೊಡಿ. ಮಧ್ಯರಾತ್ರಿ ಓದು ಅವರನ್ನು ಸುಮ್ಮನೆ ಬಿಡಬೇಡಿ.

ಕರಡು ಬರೆಯೋನು

ಒಂದು ತಿರುವು ಕೊಡ್ತೀನಿ. ನಿಯಮ 9ನ್ನ ನಾಳೆ ಸರ್ಕಾರ ಹೀಗೆ ಬದಲಾಯಿಸಿತು ಅಂದ್ಕೊಳ್ಳಿ: "2 ವರ್ಷ ಕೆಲಸದ ಅನುಭವ ಇಲ್ಲದವರು ಪರೀಕ್ಷೆಗೆ ಕುಳಿತುಕೊಳ್ಳತಕ್ಕದ್ದಲ್ಲ." ಈಗ ಕಲಂ 6ರ "ನೀಡತಕ್ಕದ್ದು"ಗೆ ನೇರ ಡಿಕ್ಕಿ ಇಲ್ಲ. ಪಾಸಾದವರಿಗೆಲ್ಲ ಕೊಡ್ತಾರೆ. "ಪರೀಕ್ಷೆಯ ಪಠ್ಯ ಮತ್ತು ವಿಧಾನ" ಅನ್ನೋದರೊಳಗೆ ಯಾರು ಬರೆಯಬಹುದು ಅನ್ನೋದೂ ಸೇರುತ್ತಾ?

ನೋಟ್ಸ್ ರಾಣಿ

ವಿಧಾನ ಅಂದ್ರೆ ಹೇಗೆ, ಯಾರು ಅಲ್ಲ. ಸೇರಲ್ಲ. ಮುಂಬಾಗಿಲು ಮುಚ್ಚಿದ್ರು ಅಂತ ಹಿತ್ತಲಿಂದ ಬರೋದು ಇದು.

ಷರಾ

ಆದರೆ ಕಲಂ 6ರಲ್ಲಿ "ನಿಯಮಿಸಲಾದ ಪರೀಕ್ಷೆ" ಅಂತಾನೇ ಇದೆಯಲ್ಲ, (ಬಿ)ಯೊಂದೇ ಅಲ್ಲ. ಪರೀಕ್ಷೆಯನ್ನ ನಿಯಮಿಸೋದು ಅಂದ್ರೆ ಯಾರಿಗೆ ಅಂತಾನೂ ನಿಯಮಿಸೋದು. ಈ ಸಲ ನಾನು ಪಟ್ಟಿ ಬಿಟ್ಟು ಹೊರಗೆ ಓದಿದೀನಿ ನೋಡಿ.

ಹಳೇ ಕೋಟು

ಷರಾ ಅವರೇ, ಇದು ಬಲವಾದ ವಾದ. ನಾನು ನೋಟ್ಸ್ ರಾಣಿಯವರ ಕಡೆಗೇ ವಾಲುತ್ತೇನೆ, ಆದರೆ ಕಾಮತ್ ಒಂದನ್ನೇ ಹಿಡಿದುಕೊಂಡು ಇದನ್ನು ಗೆಲ್ಲಲಾಗದು. "ಯಾವುದೇ ವ್ಯಕ್ತಿ" ಎಂಬ ಪದಗಳ ಮೇಲೆ ಕೆಲಸ ಮಾಡಬೇಕಾಗುತ್ತದೆ.

ಆರನೇ ಬೆಂಚು

ಎರಡೂ ಕಡೆ ಬರೆದು ನೋಡ್ತೀನಿ. ನಾಳೆ ಸಂಜೆ ಇಲ್ಲೇ ಹಾಕ್ತೀನಿ, ಕೆಂಪು ಶಾಯಿ ರೆಡಿ ಇಟ್ಕೊಳ್ಳಿ.